ಹನ್ನೊಂದನೆಯ ದಿನ ರಕ್ತಕಣ ಇಳಿದದ್ದೇಕೆ?

ಅಮ್ಮನಿಗೆ ಸ್ತನ ಕ್ಯಾನ್ಸರ್. ಮಂಗಳೂರಿನಲ್ಲಿ ಮೊದಲ ಕೀಮೋ ಆಗಿ ಒಂದು ವಾರ ಚೆನ್ನಾಗಿಯೇ ಇದ್ದರು. ಆಮೇಲೆ ಬಾಯಿ ಹುಣ್ಣಾಯಿತು, ಹನ್ನೊಂದನೆಯ ದಿನ ಬಿಳಿ ರಕ್ತಕಣ 2,000ಕ್ಕೆ ಇಳಿಯಿತು, ಈಗ ಕೂದಲು ಉದುರುತ್ತಿದೆ. ಔಷಧ ಗಡ್ಡೆಗಲ್ಲವೇ? ಪ್ರಮಾಣ ಹೆಚ್ಚಾಯಿತೇ?
– ಓದುಗರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ:

ನೀವು ಬರೆದ ದಿನಗಳನ್ನು ಲೆಕ್ಕ ಹಾಕಿದರೆ, ಇವೆಲ್ಲ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಆಗುವಂಥವೇ. ಕೀಮೋ ಔಷಧಕ್ಕೆ ಗಡ್ಡೆಯ ವಿಳಾಸ ಗೊತ್ತಿಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಆ ಹಾನಿ ಹೆಚ್ಚಾಗಿ ಪ್ರಾಣ ತೆಗೆಯುವುದು ಕೋಶ ಎರಡಾಗಲು ಹೊರಟಾಗ. ಬಿಡುವಾಗಿರುವ ಕೋಶ ಬಹುಪಾಲು ಬಚಾವಾಗುತ್ತದೆ.

ತಲೆಯ ಕೂದಲಲ್ಲಿ ಹತ್ತರಲ್ಲಿ ಒಂಬತ್ತು ಯಾವಾಗಲೂ ಬೆಳೆಯುತ್ತಿರುತ್ತವೆ. ಬೇರಿನ ಕೋಶಗಳು ನಿಂತರೆ ಎಳೆ ಸಪೂರವಾಗಿ ತುಂಡಾಗುತ್ತದೆ. ಎರಡು ಮೂರು ವಾರದ ಹೊತ್ತಿಗೆ ಬೆಳಗ್ಗೆ ದಿಂಬಿನ ಮೇಲೆ ಕಾಣಿಸುತ್ತದೆ. ಕರುಳಿನ ಒಳಪದರವಂತೂ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುವಂಥದ್ದು. ಬಾಯಿಯ ಒಳಪದರವೂ ಬೇಗ ಸವೆದು ಹುಟ್ಟುವುದರಿಂದ ಹುಣ್ಣು ಮೊದಲೇ ಬಂತು.

ರಕ್ತದ ಕಥೆ ಸ್ವಲ್ಪ ಬೇರೆ. ಅಡಿಕೆ ಸಸಿ ಮಾರುವವರನ್ನು ನೆನಪಿಸಿಕೊಳ್ಳಿ. ಮಡಿಯಲ್ಲಿ ಮೊಳಕೆಗಳು ಸತ್ತರೂ ಮಾರಾಟ ಅಂದೇ ನಿಲ್ಲುವುದಿಲ್ಲ, ಬೆಳೆದು ನಿಂತ ಸಸಿ ಮುಗಿಯುವ ತನಕ ನಡೆಯುತ್ತದೆ. ಅಸ್ಥಿಮಜ್ಜೆಯಲ್ಲೂ ಹಾಗೆಯೇ. ಒಡೆಯುತ್ತಿದ್ದ ಎಳೆಯ ಕೋಶಗಳು ಸಾಯುತ್ತವೆ. ಒಡೆಯುವ ಹಂತ ದಾಟಿದವು ಬಲಿತು ಇನ್ನೂ ಕೆಲವು ದಿನ ರಕ್ತಕ್ಕೆ ಬರುತ್ತಲೇ ಇರುತ್ತವೆ. ದಾಸ್ತಾನು ಮುಗಿದಾಗ, ಅಂದರೆ ಸುಮಾರು ಏಳರಿಂದ ಹದಿನಾಲ್ಕನೆಯ ದಿನದೊಳಗೆ, ಬಿಳಿ ಕಣ ತಳ ಮುಟ್ಟುತ್ತದೆ. ಮಜ್ಜೆಯ ಮೂಲಕೋಶಗಳು ಹೆಚ್ಚಿನವು ಮಲಗಿಯೇ ಇರುವುದರಿಂದ ಉಳಿದು, ಮತ್ತೆ ಮಡಿ ತುಂಬುತ್ತವೆ. ಎರಡು ಕೀಮೋಗಳ ನಡುವೆ ಸಾಮಾನ್ಯವಾಗಿ 21 ದಿನ ಬಿಡುವುದು ಇದಕ್ಕೇ. ಗಡ್ಡೆ ಅಷ್ಟು ಚೆನ್ನಾಗಿ ಚೇತರಿಸಿಕೊಳ್ಳುವುದಿಲ್ಲ. ಚಿಕಿತ್ಸೆಯ ಲಾಭವೆಲ್ಲ ಈ ವ್ಯತ್ಯಾಸದಲ್ಲಿದೆ. ಕೆಂಪು ಕಣದ ಆಯುಷ್ಯ 120 ದಿನ. ಆದ್ದರಿಂದ ಹಿಮೋಗ್ಲೋಬಿನ್ ಒಮ್ಮೆಲೇ ಬೀಳದೆ ಕಂತುಕಂತಾಗಿ ಇಳಿಯುತ್ತದೆ.

ವರದಿಯಲ್ಲಿ 2,000 ಎಂಬುದನ್ನಷ್ಟೇ ನೋಡಬೇಡಿ. ಕೆಳಗೆ ನ್ಯೂಟ್ರೋಫಿಲ್ ಶೇಕಡಾ ಎಷ್ಟೆಂದು ಇರುತ್ತದೆ. ಅದು 35 ಇದ್ದರೆ, ಸೋಂಕಿನೊಡನೆ ಹೋರಾಡುವ ಕಣಗಳು 700 ಮಾತ್ರ. 500ಕ್ಕಿಂತ ಕೆಳಗಿಳಿದರೆ ಅಪಾಯ ಬಹಳ. ಮುಂದಿನ ಕೀಮೋಗೆ ಮೊದಲು ಅನೇಕ ವೈದ್ಯರು ಇದು 1,500ಕ್ಕೆ ಏರಲೆಂದು ಕಾಯುತ್ತಾರೆ. ದಿನ ಮುಂದೆ ಹಾಕಿದರೆ ಗಾಬರಿ ಬೇಡ.

ಗಾಬರಿಯಾಗಬೇಕಾದ್ದು ಜ್ವರಕ್ಕೆ. ಕಣ ಕಡಿಮೆ ಇದ್ದಾಗ ಕೀವು, ಕೆಮ್ಮು ಯಾವುದೂ ಕಾಣದೆ ಜ್ವರವೊಂದೇ ಬರಬಹುದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕೂರಬೇಡಿ. ಕೂಡಲೇ ವೈದ್ಯರಿಗೆ ಫೋನ್ ಮಾಡಿ, ನಡುರಾತ್ರಿಯಾದರೂ ಹೊರಡಿ. ತಲಪಾಡಿ ದಾಟುವಷ್ಟು ಹೊತ್ತು ಕಾಯಲಾಗದ ಸ್ಥಿತಿಯಾದರೆ ಕಾಸರಗೋಡಿನಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ಆದ ತಾರೀಕನ್ನು ಮೊದಲು ಹೇಳಿ.