ಅಮ್ಮನ ಸಾರು, ಮ್ಯೂನಿಕ್‌ನ ನೀರು

ಮಾನ್ಯ ಸಂಪಾದಕರೇ,
ಐದು ವರ್ಷಗಳಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಅಮ್ಮ ಸಾಗರದಿಂದ ವರ್ಷಕ್ಕೊಮ್ಮೆ ಸಾರಿನ ಪುಡಿ ಕಳಿಸುತ್ತಾರೆ. ಅದೇ ಪುಡಿ, ಅದೇ ತೊಗರಿಬೇಳೆ, ಆದರೂ ನಾನು ಮಾಡಿದರೆ ಬೇಳೆ ಒಂದು ಕಡೆ, ನೀರು ಒಂದು ಕಡೆ. ಅಮ್ಮಂದಿರ ದಿನ ಬಂದಾಗಲೆಲ್ಲ ಅನ್ನಿಸುತ್ತದೆ, ಕೈರುಚಿ ಎಂಬುದು ದೇವರು ಅಮ್ಮಂದಿರಿಗಷ್ಟೇ ಕೊಟ್ಟ ವರ. ನಿಜವಲ್ಲವೇ?
– ಒಬ್ಬ ಮಗ, ಮ್ಯೂನಿಕ್

ಪ್ರಿಯ ಓದುಗರೇ,

ಪರದೇಶದಲ್ಲಿ ಒಬ್ಬನೇ ಕುಳಿತು ಉಣ್ಣುವವನಿಗೆ ತಾಯಿಯ ನೆನಪು ಸಾರಿನ ರೂಪದಲ್ಲಿ ಬರುವುದು ಸಹಜ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ವರದ ಮಾತನ್ನು ಒಪ್ಪಲಾರೆ. ನಿಮ್ಮ ನೀರು ಕಾಯಿಸುವ ಕೆಟಲಿನೊಳಗೆ ಒಮ್ಮೆ ಇಣುಕಿ ನೋಡಿ. ತಳದಲ್ಲಿ ಬಿಳಿಯ ಪೊರೆ ಕಟ್ಟಿರುತ್ತದೆ. ಆಲ್ಪ್ಸ್ ತಪ್ಪಲಿನ ಸುಣ್ಣಕಲ್ಲಿನ ನೆಲದಿಂದ ಬರುವ ಮ್ಯೂನಿಕ್‌ನ ನೀರು ಕುಡಿಯಲು ಬಹಳ ಒಳ್ಳೆಯದು, ಆದರೆ ಗಡಸು. ಆ ನೀರಿನ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿಮಾಡುತ್ತದೆ, ಬೇಳೆ ಎಷ್ಟು ಕುದಿದರೂ ಕರಗುವುದಿಲ್ಲ. 'ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ' ಎಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಗೊಣಗುವುದೂ ಇದೇ ಕಾರಣಕ್ಕೆ. ನಿಮ್ಮ ತಾಯಿಗೆ ಸಿಕ್ಕಿರುವುದು ಮಲೆನಾಡಿನ ಮೆದುನೀರು.

ಉಪಾಯ ಸುಲಭ. ನೀರನ್ನು ಐದು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದಲ್ಲಿ ನಿಂತ ಸುಣ್ಣವನ್ನು ಕದಡದೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಗಡಸಿನ ಬಹುಭಾಗ ಅಲ್ಲಿಯೇ ಉಳಿಯುತ್ತದೆ. ಅರ್ಧ ಗಂಟೆ ನೆನೆಸಿದ ಬೇಳೆಯನ್ನು ಆ ತಿಳಿಯಲ್ಲಿ ಚಿಟಿಕೆ ಅರಿಸಿನದೊಂದಿಗೆ ಬೇಯಿಸಿ. ಹುಣಸೆಯನ್ನು ಮಾತ್ರ ಆಗಲೇ ಹಾಕಬೇಡಿ, ಹುಳಿ ಬಿದ್ದ ಮೇಲೆ ಬೇಳೆ ಮೆತ್ತಗಾಗಲು ಹಟ ಹಿಡಿಯುತ್ತದೆ. ಒಂದು ಬೇಳೆಯನ್ನು ಎರಡು ಬೆರಳಿನ ನಡುವೆ ಹಿಸುಕಿದಾಗ ನಡುವಿನಲ್ಲಿ ಕಾಳಿನ ಗಟ್ಟಿ ಸಿಗಬಾರದು. ಅಷ್ಟಾದ ಮೇಲೆ ಕಡೆಗೋಲಿನಿಂದ ಕಡೆದರೆ ಬೇಳೆಯೂ ನೀರೂ ಒಂದಾಗುತ್ತವೆ. ಕೆಲವರು ಅಡುಗೆ ಸೋಡ ಹಾಕಿ ಎಂದಾರು. ಬೇಳೆ ಬೇಯುವುದು ನಿಜ, ಆದರೆ ಕೈ ಸ್ವಲ್ಪ ಜಾರಿದರೂ ಸಾರು ಸಾಬೂನಿನ ವಾಸನೆ ಹೊಡೆಯುತ್ತದೆ.

ಇನ್ನು ಪುಡಿ. ಹುರಿದ ಕೊತ್ತಂಬರಿ, ಜೀರಿಗೆ, ಮೆಂತ್ಯಗಳ ಘಮವಿರುವುದು ಗಾಳಿಗೆ ಹಾರಿಹೋಗುವ ಎಣ್ಣೆಗಳಲ್ಲಿ. ಪುಡಿಯಾದ ಗಳಿಗೆಯಿಂದಲೇ ಅವು ಹೋಗುತ್ತಿರುತ್ತವೆ. ವರ್ಷದ ಹಿಂದಿನ ಪುಡಿಯಲ್ಲಿ ಉಳಿಯುವುದು ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಒಂದಿಷ್ಟು ಖಾರ. ಹಾಗಾಗಿ ಈ ಸಲ ತಾಯಿಯವರಿಗೆ ಇಡಿ ಸಾಮಾನನ್ನೇ ಕಳಿಸಲು ಹೇಳಿ, ಹದಿನೈದು ದಿನಕ್ಕಾಗುವಷ್ಟು ನೀವೇ ಹುರಿದುಕೊಳ್ಳಿ. ಒಂದು ಲೋಟ ಕೊತ್ತಂಬರಿಗೆ ಒಂದು ಚಮಚ ಮೆಂತ್ಯ ಸಾಕು, ಅದನ್ನು ಬೇರೆಯಾಗಿಯೇ ಹುರಿಯಬೇಕು, ಕೆಂಪು ದಾಟಿ ಕಪ್ಪಾದರೆ ಇಡೀ ಪುಡಿ ಕಹಿ. ಹುಣಸೆರಸ ಹಸಿವಾಸನೆ ಹೋಗುವವರೆಗೆ ಕುದಿಯಲಿ, ಆಮೇಲೆ ಬೇಳೆ, ಉಪ್ಪು, ಬೆಲ್ಲ, ಕೊನೆಯಲ್ಲಿ ಪುಡಿ. ನೊರೆ ಕಟ್ಟಿ ಉಕ್ಕಿ ಬಂದೊಡನೆ ಒಲೆ ಆರಿಸಿ ತುಪ್ಪದ ಒಗ್ಗರಣೆ ಕೊಡಿ. ಪುಡಿ ಹಾಕಿದ ಮೇಲೂ ಗಳಗಳ ಕುದಿಸಿದರೆ ಘಮ ಅಡುಗೆಮನೆಯ ತುಂಬ ಇರುತ್ತದೆ, ತಟ್ಟೆಯಲ್ಲಿ ಇರುವುದಿಲ್ಲ.

ಇಷ್ಟನ್ನೂ ನಿಮ್ಮ ತಾಯಿ ದಿನವೂ ನಿಮ್ಮ ಕಣ್ಣೆದುರಿಗೇ ಮಾಡಿರುತ್ತಾರೆ. ಪ್ರತಿ ಮೇ ತಿಂಗಳಲ್ಲಿ ಇಂಥ ಪತ್ರಗಳು ನಮಗೆ ಬರುತ್ತವೆ, ಬರೆಯುವವರು ಹೆಚ್ಚಾಗಿ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ತಾಯಿಯ ನೆನಪಿಲ್ಲವೆಂದಲ್ಲ. ಅವರನ್ನು ಹತ್ತು ವರ್ಷಕ್ಕೇ ಒಲೆಯ ಮುಂದೆ ನಿಲ್ಲಿಸಿ 'ಮೆಂತ್ಯ ಸೀದುಹೋಗುತ್ತೆ, ನೋಡ್ಕೋ' ಎಂದು ಗದರಿಸಿರುತ್ತಾರೆ. ನಾನೂ 'ನೀನು ಓದ್ಕೋ ಹೋಗು' ಎನ್ನಿಸಿಕೊಂಡು ಬೆಳೆದವನೇ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಹೋಗಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹಿಟ್ಟಿನ ಡಬ್ಬಿ ಯಾವುದು ಪುಡಿಯ ಡಬ್ಬಿ ಯಾವುದು ಎಂದು ಕೇಳಿ ಕಲಿತೆ. ನಲವತ್ತು ವರ್ಷದ ಅನುಭವಕ್ಕೆ ಕಚೇರಿಯಲ್ಲಾದರೆ ಹುದ್ದೆ, ಸಂಬಳ, ನಿವೃತ್ತಿವೇತನ. ಅಡುಗೆಮನೆಯಲ್ಲಾದರೆ ಕೈರುಚಿಯೆಂಬ ಬಿರುದು. ಅಮ್ಮಂದಿರ ದಿನವನ್ನು 1908ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಆನಾ ಜಾರ್ವಿಸ್ ಕೊನೆಗೆ ಅದರ ವಿರುದ್ಧವೇ ಹೋರಾಡಿದರು. ತಾಯಿಗೆ ಸ್ವಂತ ಕೈಯಿಂದ ಕಾಗದ ಬರೆಯದೆ ಅಂಗಡಿಯ ಅಚ್ಚುಕಾರ್ಡು ಕಳಿಸುವವರನ್ನು ಕಂಡರೆ ಅವರಿಗೆ ಸಿಟ್ಟು.

ಮುಂದಿನ ಭಾನುವಾರ ಫೋನ್ ಮಾಡಿದಾಗ ಶುಭಾಶಯ ಹೇಳಿ ಇಟ್ಟುಬಿಡಬೇಡಿ. ಫೋನನ್ನು ಒಲೆಯ ಪಕ್ಕ ನಿಲ್ಲಿಸಿ ಕೊತ್ತಂಬರಿ ಹುರಿಯಿರಿ, ಯಾವಾಗ ಇಳಿಸಬೇಕೆಂದು ಅವರೇ ಹೇಳಲಿ. ಬಣ್ಣ ಫೋನಿನಲ್ಲಿ ಸರಿಯಾಗಿ ಕಾಣದಿದ್ದರೆ ಚಟಪಟ ಸದ್ದು ಕೇಳಿಸಿ, ನಿಮ್ಮ ತಾಯಿಗೆ ಅಷ್ಟು ಸಾಕು.

– ಸಂ.