ಇನ್‌ಕಾಗ್ನಿಟೋ ಮತ್ತು ಆಫೀಸ್ ವೈಫೈ

"ಆಫೀಸ್ ವೈಫೈನಲ್ಲಿ ಇನ್‌ಕಾಗ್ನಿಟೋ ತೆರೆದು ಬೇರೆ ಕೆಲಸ ಹುಡುಕಿದರೆ ಐಟಿಯವರಿಗೆ ಗೊತ್ತಾಗುತ್ತಾ?"

ಸೈಟಿನ ಹೆಸರು ಗೊತ್ತಾಗಬಹುದು. ಇನ್‌ಕಾಗ್ನಿಟೋ ಹಿಸ್ಟರಿ, ಕುಕೀ ಅಳಿಸುವುದು ನಿಮ್ಮ ಬ್ರೌಸರಿನೊಳಗೆ ಮಾತ್ರ. ಡೌನ್‌ಲೋಡ್ ಮಾಡಿದ ಫೈಲಂತೂ ಅಲ್ಲೇ ಉಳಿಯುತ್ತದೆ. ನೆಟ್‌ವರ್ಕಿನ ಮಟ್ಟಿಗೆ ಏನೂ ಬದಲಾಗದು. ನೀವು https://example.com/jobs ತೆರೆದಿರಿ ಎನ್ನಿ: ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ಡಿಎನ್‌ಎಸ್ ವಿಚಾರಣೆಯಲ್ಲೂ ಸಂಪರ್ಕದ ಮೊದಲ ಹಂತದಲ್ಲೂ example.com ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ಮುಂದಿನ /jobs ಭಾಗ ಮಾತ್ರ ಕಾಣದು.

ಲ್ಯಾಪ್‌ಟಾಪ್ ಕಂಪನಿಯದಾದರೆ ಅಷ್ಟೂ ಭರವಸೆಯಿಲ್ಲ. ಸೈಟಿನ ಗುರುತು ಖಚಿತಪಡಿಸುವುದು ಸರ್ಟಿಫಿಕೇಟ್; ಅವರು ಲ್ಯಾಪ್‌ಟಾಪಿನಲ್ಲಿ ತಮ್ಮದೇ ಸರ್ಟಿಫಿಕೇಟ್ ಹಾಕಿದ್ದರೆ ಪುಟವನ್ನೇ ಬಿಚ್ಚಿ ಓದಬಹುದು. ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ ಸರ್ಟಿಫಿಕೇಟ್ ನೋಡಿ. ಕೊಟ್ಟವರ ಜಾಗದಲ್ಲಿ ಕಂಪನಿಯ ಹೆಸರಿದ್ದರೆ ನಡುವೆ ಯಾರೋ ಕೂತಿದ್ದಾರೆ ಅಂತಲೇ ಲೆಕ್ಕ. ಹೆಸರಿಲ್ಲದಿದ್ದರೂ ಪರದೆ ಗಮನಿಸುವ ಸಾಫ್ಟ್‌ವೇರ್ ಇರಬಹುದು. ಸ್ವಂತ ಫೋನು, ಮೊಬೈಲ್ ಡೇಟಾ ಬಳಸಿ.