ಸಕೀಫಾದ ಮಾತುಕತೆ ನಿಮ್ಮ ಲೇಖನದಲ್ಲಿ ಎಲ್ಲಿ?

"ಸರ್, ಲೇಖನ ಕಳಿಸಿದ್ದೇನೆ. ಪ್ರವಾದಿ ತೀರಿಕೊಂಡ ದಿನವೇ ಮುಸ್ಲಿಮರು ಸುನ್ನಿ, ಶಿಯಾ ಅಂತ ಎರಡಾದರು ಎಂದು ಶುರು ಮಾಡಿದ್ದೇನೆ. ಪ್ರಕಟಿಸಲು ಏನು ಅಡ್ಡಿ, ನೇರವಾಗಿ ಹೇಳಿ."

ಅಡ್ಡಿ ಇರುವುದು ಆ ಮೊದಲ ವಾಕ್ಯದಲ್ಲೇ. 632ರ ಮದೀನಾದಲ್ಲಿ ಸುನ್ನಿ, ಶಿಯಾ ಎಂಬ ಪಂಗಡಗಳೇ ಇರಲಿಲ್ಲ. ಆ ದಿನದ ಜಗಳ ಬೇರೆಯದು, ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಸುದ್ದಿ ತಿಳಿದ ಕೂಡಲೇ ಮದೀನಾದ ಸ್ಥಳೀಯ ಮುಸ್ಲಿಮರು, ಅಂದರೆ ಅನ್ಸಾರರು, ಬನೂ ಸಾಇದಾ ಕುಲದ ಚಾವಡಿಯಲ್ಲಿ ಸೇರಿದರು. ಅದೇ ಸಕೀಫಾ. ಖಝ್ರಜ್ ಬುಡಕಟ್ಟಿನ ಸಅದ್ ಬಿನ್ ಉಬಾದಾ ಅವರನ್ನು ನಾಯಕನನ್ನಾಗಿ ಮಾಡಬೇಕು ಅನ್ನುವುದು ಅವರ ಆಸೆ. ಮಕ್ಕಾದಿಂದ ಬಂದವರೇ ಇನ್ನು ಮುಂದೆ ನಮ್ಮನ್ನು ಆಳಿಬಿಡುತ್ತಾರೆ ಎಂಬ ಆತಂಕ ಅವರಿಗಿತ್ತು. ಮಕ್ಕಾದಿಂದ ಬಂದಿದ್ದ ಪ್ರವಾದಿಯವರ ಸಂಗಾತಿಗಳಾದ ಅಬೂಬಕರ್, ಉಮರ್, ಅಬೂ ಉಬೈದಾ ಅಲ್ಲಿಗೆ ಧಾವಿಸಿದರು. ನಮ್ಮಲ್ಲೊಬ್ಬ ನಾಯಕ, ನಿಮ್ಮಲ್ಲೊಬ್ಬ ನಾಯಕ ಇರಲಿ ಎಂಬ ಮಾತೂ ಬಂತು. ಪ್ರವಾದಿಯವರ ಬುಡಕಟ್ಟಾದ ಮಕ್ಕಾದ ಕುರೈಶರನ್ನು ಬಿಟ್ಟು ಬೇರೆಯವರನ್ನು ಅರಬರು ಒಪ್ಪುವುದಿಲ್ಲ ಎಂದರು ಅಬೂಬಕರ್. ಖಝ್ರಜ್ ಜೊತೆ ಹಳೇ ವೈರವಿದ್ದ ಔಸ್ ಬುಡಕಟ್ಟಿಗೂ ಸಅದ್ ನಾಯಕರಾಗುವುದು ಬೇಕಿರಲಿಲ್ಲ. ಕೊನೆಗೆ ಉಮರ್ ಅವರು ಅಬೂಬಕರ್ ಅವರ ಕೈಹಿಡಿದು ಬೈಅತ್, ಅಂದರೆ ನಾಯಕನೆಂದು ಒಪ್ಪುವ ನಿಷ್ಠೆಯ ಪ್ರತಿಜ್ಞೆ ಮಾಡಿದರು, ಉಳಿದವರೂ ಹಿಂದೆಯೇ ಬಂದರು. ಪ್ರವಾದಿಯವರ ಅಳಿಯ ಅಲಿ ಅಲ್ಲಿರಲಿಲ್ಲ. ಅವರು ಮನೆಯವರ ಜೊತೆ ಪ್ರವಾದಿಯವರ ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿದ್ದರು.

ಈಗ ಇದನ್ನು ಯೋಚಿಸಿ. ಅಬೂಬಕರ್ ಅವರಿಗೆ ಸಅದ್ ಕೊನೆವರೆಗೂ ಬೈಅತ್ ಕೊಡಲಿಲ್ಲ ಎನ್ನುತ್ತವೆ ಹಲವು ವರದಿಗಳು. ಅಲಿ ಕೊಟ್ಟರು, ಆದರೆ ಆರು ತಿಂಗಳ ನಂತರ, ಪತ್ನಿ ಫಾತಿಮಾ ತೀರಿಕೊಂಡ ಮೇಲೆ ಎಂದು ಸುನ್ನಿಗಳ ಬುಖಾರಿ ಹದೀಸ್ ಸಂಗ್ರಹದಲ್ಲೇ ಇದೆ. ಹಾಗಿದ್ದರೂ ಸಅದ್ ಹೆಸರಲ್ಲಿ ಪಂಗಡ ಹುಟ್ಟಲಿಲ್ಲ, ಅಲಿ ಹೆಸರಲ್ಲಿ ಹುಟ್ಟಿತು. ಯಾಕೆ? ನಿಮ್ಮ ಲೇಖನ ಹುಡುಕಬೇಕಾದ ಉತ್ತರ ಇದು. ಅನ್ಸಾರರ ಹಕ್ಕು ಒಂದು ಊರಿನ ಹಕ್ಕು. ಅಲಿಯ ಹಕ್ಕು ಪ್ರವಾದಿಯವರ ಮನೆತನದ್ದು, ಮಕ್ಕಳಾದ ಹಸನ್, ಹುಸೇನರ ಮೂಲಕ ಮುಂದುವರಿಯುವಂಥದ್ದು. 656ರಲ್ಲಿ ಮೂರನೇ ಖಲೀಫ ಉಸ್ಮಾನ್ ಕೊಲೆಯಾದಾಗ ಜನ ಅಲಿಯ ಕಡೆಯವರು, ಎದುರು ಕಡೆಯವರು ಎಂದು ಒಡೆದರು. ಹುಸೇನ್ ಹತರಾದ 680ರ ಕರ್ಬಲಾ ಆ ಗಾಯವನ್ನು ಶಾಶ್ವತ ಮಾಡಿತು. ಇಮಾಮತ್‌ನ, ಅಂದರೆ ಸಮುದಾಯದ ನಾಯಕತ್ವ ಅಲಿ ಮತ್ತು ಅವರ ವಂಶದವರದ್ದು ಎಂಬ ಸಿದ್ಧಾಂತ ಸ್ಪಷ್ಟ ರೂಪ ಪಡೆದದ್ದು ಇನ್ನೂ ತಡವಾಗಿ, 8ನೇ ಶತಮಾನದ ಶಿಯಾ ಇಮಾಮ್ ಜಾಫರ್ ಸಾದಿಕ್ ಕಾಲದಲ್ಲಿ. ಹೀಗೆಂದು ಬರೆಯುವುದು ಇತಿಹಾಸಕಾರರು. ಶಿಯಾಗಳ ನಂಬಿಕೆಯಲ್ಲಿ ಇಮಾಮತ್ ಮೊದಲಿನಿಂದಲೂ ಇದ್ದದ್ದೇ. ಎರಡನ್ನೂ ಬೇರೆ ಬೇರೆಯಾಗಿ ಹೇಳಿ.

ಇನ್ನೊಂದು ದೊಡ್ಡ ಲೋಪ: ಗದೀರ್ ಖುಮ್ ಎಂಬ ಜಾಗದಲ್ಲಿ ನಡೆದದ್ದನ್ನು ಬಿಟ್ಟಿದ್ದೀರಿ. ತೀರಿಕೊಳ್ಳುವ ಕೆಲವೇ ತಿಂಗಳ ಹಿಂದೆ ಪ್ರವಾದಿ ಅಲ್ಲಿ ಅಲಿಯ ಬಗ್ಗೆ ಆಡಿದ ಮಾತನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಶಿಯಾಗಳಿಗೆ ಅದು ನೇಮಕ, ಸುನ್ನಿಗಳಿಗೆ ಅಲಿಯನ್ನು ಪ್ರೀತಿಸಿ ಗೌರವಿಸಿ ಎಂಬ ಮಾತು. ಇದಿಲ್ಲದೆ ಅಲಿಯ ಕಡೆಯವರು ಸುಮ್ನೆ ಹಟ ಹಿಡಿದವರ ಥರ ಕಾಣುತ್ತಾರೆ, ಅದು ಅನ್ಯಾಯ ಅಲ್ವಾ?

ಕರ್ಬಲಾ ಯುದ್ಧದ ವರ್ಣನೆ ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಉಳಿದ ಜಾಗವನ್ನು ಸಕೀಫಾಗೆ ಕೊಟ್ಟು ಮತ್ತೆ ಕಳಿಸಿ.